ಖಾತೆಯಲ್ಲಿ ದುಡ್ಡಿದೆ, ಕಾರ್ಡ್ ಮಾತ್ರ ಒಲ್ಲೆ ಅಂತಿದೆ

ಕಳೆದ ವರ್ಷವೂ ಹೀಗೇ ಆಗಿತ್ತಲ್ಲ ಎಂದು ನನಗೆ ನೆನಪಾದದ್ದು ಉಪ್ಪಲ್ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತುವಾಗ. 2024ರ ಅಕ್ಟೋಬರ್ 17ರ ಬೆಳಿಗ್ಗೆ, ರಾಯದುರ್ಗಂ ಕಡೆಯ ರೈಲಿಗೆ ಓಡುತ್ತಿದ್ದೆ. ಮೊಬೈಲ್‌ಗೆ ವಿಮಾ ಕಂಪನಿಯ ಸಂದೇಶ ಬಂತು: ಅಪ್ಪ–ಅಮ್ಮನ ಆರೋಗ್ಯ ವಿಮೆಯ ನವೀಕರಣದ ಪಾವತಿ ವಿಫಲವಾಗಿದೆ, ಖಾತೆಯಲ್ಲಿ ಸಾಕಷ್ಟು ಹಣವಿದೆಯೇ ಪರಿಶೀಲಿಸಿ. ಕಂತು 16,210 ರೂಪಾಯಿ. ಖಾತೆಯಲ್ಲಿ ಇದ್ದದ್ದು 48,000ಕ್ಕೂ ಹೆಚ್ಚು. ಪಾಲಿಸಿ ಮುಗಿಯಲು ಉಳಿದದ್ದು ಮೂರೇ ದಿನ.

ಅಪ್ಪ–ಅಮ್ಮ ಇರುವುದು ದಾವಣಗೆರೆಯಲ್ಲಿ. ಅಮ್ಮನಿಗೆ ಸಕ್ಕರೆ ಕಾಯಿಲೆ. ವಾರ್ಷಿಕ ಕಂತಿನ ಪಾಲಿಸಿಗೆ ಅವಧಿ ಮುಗಿದ ಮೇಲೂ 30 ದಿನಗಳ ಹೆಚ್ಚುವರಿ ಕಾಲಾವಕಾಶ ಇರುತ್ತದೆ, ನಿಜ. ಅಷ್ಟರಲ್ಲಿ ಕಟ್ಟಿದರೆ, ಹಳೆಯ ಕಾಯಿಲೆಗಳಿಗೆ ಕಾದು ಕಳೆದ ವರ್ಷಗಳ ಲೆಕ್ಕ ಉಳಿಯುತ್ತದೆ. ಆದರೆ ಹಣ ಕಟ್ಟದ ಆ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಖರ್ಚು ನಮ್ಮದೇ. 30 ದಿನವೂ ದಾಟಿದರೆ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರು. ಊರಿಂದ ದೂರ ಇರುವ ನಾವು ‘ಆಟೊ ಡೆಬಿಟ್ ಹಾಕಿದ್ದೀನಿ, ಚಿಂತೆ ಇಲ್ಲ’ ಎಂದು ಮರೆತುಬಿಡುವುದು ಇಂಥ ಪಾವತಿಗಳನ್ನೇ.

ಮೊದಲ ಬಾರಿ ಪಾವತಿ ನಿಂತದ್ದು 2023ರಲ್ಲಿ. ಅದರ ಕಾರಣ ತಿಳಿಯಲು ರಿಸರ್ವ್ ಬ್ಯಾಂಕಿನ ನಿಯಮದ ಹಿನ್ನೆಲೆ ಸ್ವಲ್ಪ ಬೇಕು. ಕಾರ್ಡಿನಿಂದ ಪದೇ ಪದೇ ಆಗುವ ಪಾವತಿಗೆ ಗ್ರಾಹಕ ಮೊದಲೇ ಒಪ್ಪಿಗೆ ಕೊಟ್ಟಿರಬೇಕು. ಅದಕ್ಕೆ ಇ-ಮ್ಯಾಂಡೇಟ್ ಎಂದು ಹೆಸರು. 2019ರ ಆಗಸ್ಟ್‌ನಲ್ಲಿ ಬಂದ ಸುತ್ತೋಲೆಯ ಪ್ರಕಾರ ಈ ಒಪ್ಪಿಗೆಯನ್ನು ಒಟಿಪಿಯಂಥ ಹೆಚ್ಚುವರಿ ದೃಢೀಕರಣದೊಂದಿಗೆ ನೋಂದಾಯಿಸಬೇಕು. ಪ್ರತಿ ಸಲ ಹಣ ಕಡಿತಗೊಳ್ಳುವ ಕನಿಷ್ಠ 24 ಗಂಟೆ ಮೊದಲು ಕಾರ್ಡ್ ಕೊಟ್ಟ ಬ್ಯಾಂಕ್ ಗ್ರಾಹಕನಿಗೆ ತಿಳಿಸಬೇಕು, ಬೇಡವೆಂದರೆ ನಿಲ್ಲಿಸುವ ಅವಕಾಶ ಕೊಡಬೇಕು. ಒಂದು ಮಿತಿಯವರೆಗಿನ ಮೊತ್ತ ಒಟಿಪಿ ಇಲ್ಲದೇ ಹೋಗುತ್ತದೆ. ಮಿತಿ ದಾಟಿದರೆ ಪ್ರತಿ ಬಾರಿಯೂ ಗ್ರಾಹಕ ದೃಢೀಕರಿಸಬೇಕು. ಮಿತಿ ಮೊದಲು 2,000 ರೂಪಾಯಿ ಇತ್ತು, ನಂತರ 5,000 ಆಯಿತು, 2022ರ ಜೂನ್‌ನಲ್ಲಿ 15,000ಕ್ಕೆ ಏರಿತು. ಈ ನಿಯಮಕ್ಕೆ ಹೊಂದದ ಹಳೆಯ ವ್ಯವಸ್ಥೆಗಳಿಗೆ ಕೊಟ್ಟಿದ್ದ ಕೊನೆಯ ಗಡುವು ಮುಗಿದದ್ದು 2021ರ ಸೆಪ್ಟೆಂಬರ್ 30ಕ್ಕೆ. ಆ ಅಕ್ಟೋಬರ್‌ನಲ್ಲಿ ಸಿನಿಮಾ ಆ್ಯಪ್‌ನಿಂದ ಹಿಡಿದು ಕ್ಲೌಡ್ ಸರ್ವರ್ ಬಿಲ್‌ವರೆಗೆ ಎಷ್ಟೋ ಪಾವತಿಗಳು ಒಟ್ಟೊಟ್ಟಿಗೆ ನಿಂತದ್ದು ನಮ್ಮ ಕಸುಬಿನವರಿಗೆ ಚೆನ್ನಾಗಿ ನೆನಪಿರುತ್ತದೆ.

ನಾನು ವಿಮೆಯ ಮ್ಯಾಂಡೇಟ್ ಮಾಡಿದ್ದು 2022ರ ಅಕ್ಟೋಬರ್‌ನಲ್ಲಿ. ಆಗ ಕಂತು 13,900. ಮರುವರ್ಷ ಅದು 15,640 ಆಯಿತು, ಅಂದರೆ ಮಿತಿಗಿಂತ 640 ರೂಪಾಯಿ ಹೆಚ್ಚು. ಹಾಗಾಗಿ ಬ್ಯಾಂಕ್ ನನ್ನ ಅನುಮತಿ ಕೇಳಿ ಲಿಂಕ್ ಕಳಿಸಿತ್ತು. ಕಳಿಸಿದ್ದು ಯಾವ ನಂಬರ್‌ಗೆ? ಬೆಂಗಳೂರಿನ ಮೊದಲ ಕೆಲಸದ ಕಾಲದಲ್ಲಿ ತೆಗೆದ ಸಂಬಳದ ಖಾತೆಗೆ ಕೊಟ್ಟಿದ್ದ ಹಳೆಯ ನಂಬರ್‌ಗೆ. ಹೈದರಾಬಾದಿಗೆ ಬರುವಾಗ ಆ ಸಿಮ್ ಅಪ್ಪನ ಫೋನಿನ ಎರಡನೇ ಕಿಂಡಿಗೆ ಸೇರಿತ್ತು. ವಿಮಾ ಕಂಪನಿಯ ಬಳಿ ನನ್ನ ಹೊಸ ನಂಬರ್ ಇತ್ತು, ಬ್ಯಾಂಕಿನ ಬಳಿ ಇರಲಿಲ್ಲ. ನಾನು ರೇಗಾಡಿದಾಗ ಅಪ್ಪ ಶಾಂತವಾಗಿ ಹೇಳಿದರು: ‘ಬ್ಯಾಂಕಿನ ಹೆಸರಲ್ಲಿ ಲಿಂಕ್ ಬಂದ್ರೆ ಒತ್ತಬ್ಯಾಡ್ರಿ ಅಂತ ನೀನೇ ಹೇಳಿದ್ದಲ್ಲೋ? ಅದಕ್ಕೇ ಅಳಿಸಿದೆ.’ ಇದಕ್ಕೆ ನನ್ನ ಬಳಿ ಇವತ್ತಿಗೂ ಉತ್ತರವಿಲ್ಲ. ಆ ವರ್ಷ ಒಟಿಪಿ ಹಾಕಿ ಒಂದೇ ಸಲದ ಪಾವತಿ ಮಾಡಿ ಮುಗಿಸಿದೆ. ಬ್ಯಾಂಕಿನಲ್ಲಿ ನಂಬರ್ ಬದಲಿಸಿದೆ.

ಎರಡೇ ತಿಂಗಳಲ್ಲಿ, 2023ರ ಡಿಸೆಂಬರ್ 12ರಂದು, ರಿಸರ್ವ್ ಬ್ಯಾಂಕ್ ವಿಮಾ ಕಂತು, ಮ್ಯೂಚುವಲ್ ಫಂಡ್ ಮತ್ತು ಕ್ರೆಡಿಟ್ ಕಾರ್ಡ್ ಬಿಲ್‌ಗಳಿಗೆ ಮಿತಿಯನ್ನು 1 ಲಕ್ಷ ರೂಪಾಯಿಗೆ ಏರಿಸಿತು. ಉಳಿದವಕ್ಕೆ 15,000ವೇ ಉಳಿಯಿತು. ಪತ್ರಿಕೆಯಲ್ಲಿ ಓದಿ, ಸದ್ಯ ನಮ್ಮ ತಾಪತ್ರಯ ಮುಗಿಯಿತು ಅಂದುಕೊಂಡೆ. ಆದರೂ 2024ರಲ್ಲಿ ಮತ್ತೆ ಪಾವತಿ ನಿಂತಿತು. ಈ ಬಾರಿ ನಂಬರ್ ಸರಿಯಿತ್ತು. ಆದರೆ ಹಿಂದಿನ ದಿನ ಬ್ಯಾಂಕಿನಿಂದ ಮುನ್ಸೂಚನೆಯೂ ಇಲ್ಲ, ಲಿಂಕೂ ಇಲ್ಲ.

ಗ್ರಾಹಕ ಸೇವೆಯಲ್ಲಿ ಮೊದಲು ಸಿಕ್ಕವರು ‘ಬ್ಯಾಲೆನ್ಸ್ ಇದೆ, ಕಾರ್ಡ್ ಚಾಲ್ತಿಯಲ್ಲಿದೆ, ನಮ್ಮ ಕಡೆ ತೊಂದರೆ ಇಲ್ಲ’ ಎಂದರು. ವಿಮಾ ಕಂಪನಿಯವರು ‘ನಿಮ್ಮ ಬ್ಯಾಂಕ್ ನಿರಾಕರಿಸಿದೆ’ ಎಂದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಕೊನೆಗೆ ಬ್ಯಾಂಕಿನ ಇನ್ನೊಬ್ಬ ಮೇಡಂ ನನ್ನ ಮ್ಯಾಂಡೇಟಿನ ವಿವರ ತೆರೆದು ಓದಿ ಹೇಳಿದರು: ‘ಸರ್, ಗರಿಷ್ಠ ಮೊತ್ತ 15,000 ಅಂತ ಇದೆ.’

ಇಲ್ಲಿದೆ ವಿಷಯ. ರಿಸರ್ವ್ ಬ್ಯಾಂಕಿನ ಮಿತಿ ಒಂದು, ನಾವು ಮ್ಯಾಂಡೇಟಿನಲ್ಲಿ ಒಪ್ಪಿದ ಮಿತಿ ಇನ್ನೊಂದು. ಕಂತು ಬದಲಾಗುವ ಪಾವತಿಯಾದರೆ, ‘ಇದಕ್ಕಿಂತ ಹೆಚ್ಚು ತೆಗೆಯುವಂತಿಲ್ಲ’ ಎಂಬ ಗರಿಷ್ಠ ಮೊತ್ತವೂ ನೋಂದಣಿಯಲ್ಲೇ ಸೇರಿರುತ್ತದೆ. ನಾನು ನೋಂದಾಯಿಸಿದಾಗ ಆ ಜಾಗದಲ್ಲಿ ಮೊದಲೇ ತುಂಬಿದ್ದ ಅಂಕಿಯನ್ನು ನೋಡದೆ ‘ಮುಂದೆ’ ಒತ್ತಿದ್ದೆ. ರಿಸರ್ವ್ ಬ್ಯಾಂಕಿನ ಮಿತಿ 1 ಲಕ್ಷಕ್ಕೆ ಏರಿದರೂ ನನ್ನ ಹಳೆಯ ಒಪ್ಪಿಗೆ ತಾನಾಗಿ ಏರುವುದಿಲ್ಲ. ಅದನ್ನು ಬದಲಿಸಲು ಮತ್ತೆ ನನ್ನ ದೃಢೀಕರಣವೇ ಬೇಕು. ಗ್ರಾಹಕನ ರಕ್ಷಣೆಗೆ ಇದು ಸರಿಯಾದ ನಿಯಮ ಎಂದೇ ನನ್ನ ಅಭಿಪ್ರಾಯ. ಒಂದು ತಿಂಗಳು ಉಚಿತ ಎಂದು ಕಾರ್ಡ್ ನಂಬರ್ ಪಡೆದು ವರ್ಷಗಟ್ಟಲೆ ದುಡ್ಡು ಎಳೆಯುತ್ತಿದ್ದ ಕಾಲವನ್ನು ನಾವು ನೋಡಿದ್ದೇವೆ. ತಕರಾರು ಇರುವುದು ಬೇರೆ ಕಡೆ. ನಿರಾಕರಣೆಯ ಕಾರಣ ಬ್ಯಾಂಕಿನ ಕಂಪ್ಯೂಟರ್‌ಗೆ ಗೊತ್ತಿರುತ್ತದೆ, ಒಂದು ಸಂಕೇತವಾಗಿ ಅಂಗಡಿಯವನ ಕಡೆಗೂ ಹೋಗುತ್ತದೆ. ನನ್ನ ಫೋನಿಗೆ ಬರುವಷ್ಟರಲ್ಲಿ ಅದು ‘ಬ್ಯಾಲೆನ್ಸ್ ನೋಡಿಕೊಳ್ಳಿ’ ಆಗಿತ್ತು. ಪೇಮೆಂಟ್ ವ್ಯವಸ್ಥೆಗೆ ನಾನೇ ಕೋಡ್ ಬರೆದವನು. ಹತ್ತಾರು ಕಾರಣಗಳನ್ನು ಒಂದೇ ವಾಕ್ಯಕ್ಕೆ ಇಳಿಸುವುದು ಬರೆಯುವವನಿಗೆ ಸುಲಭ, ಅಷ್ಟೇ.

ನಿಮಗೂ ಹೀಗಾದರೆ ಮೊದಲು ಹಿಂದಿನ ದಿನದ ಸಂದೇಶಗಳನ್ನು ಹುಡುಕಿ. ಬ್ಯಾಂಕಿನ ಮುನ್ಸೂಚನೆ ಬಂದು ಮರುದಿನ ಪಾವತಿ ನಿಂತಿದ್ದರೆ, ಆ ದಿನದ ಬ್ಯಾಲೆನ್ಸ್, ಕಾರ್ಡಿನ ದಿನದ ಮಿತಿ ಅಥವಾ ಆ್ಯಪ್‌ನಲ್ಲಿ ಆಫ್ ಆಗಿರುವ ಆನ್‌ಲೈನ್ ಬಳಕೆ ಕಾರಣವಿರಬಹುದು. ವಿದೇಶಿ ಕಂಪನಿಯ ಚಂದಾ ಆಗಿದ್ದರೆ ಅಂತರರಾಷ್ಟ್ರೀಯ ಬಳಕೆಯ ಗುಂಡಿಯನ್ನೂ ನೋಡಿ. ಅನುಮತಿ ಕೇಳುವ ಸಂದೇಶ ಬಂದಿದ್ದರೆ ಅದು ಮಿತಿ ದಾಟಿದ ಮೊತ್ತ. ಲಿಂಕ್ ನಂಬಲು ಭಯವಾದರೆ ವಿಮೆ ಅಥವಾ ಚಂದಾ ಕಂಪನಿಯ ಆ್ಯಪ್‌ಗೆ ನೀವೇ ಹೋಗಿ ಒಟಿಪಿ ಹಾಕಿ ಕಟ್ಟಬಹುದು. ಯಾವ ಸಂದೇಶವೂ ಬಂದೇ ಇಲ್ಲವೆಂದರೆ ಬಹುತೇಕ ಮ್ಯಾಂಡೇಟಿನಲ್ಲೇ ದೋಷ: ನನ್ನಂತೆ ಗರಿಷ್ಠ ಮೊತ್ತ ಸಾಲದೆ ಬಂದಿರಬಹುದು, ಮ್ಯಾಂಡೇಟಿನ ಅವಧಿ ಮುಗಿದಿರಬಹುದು, ಇಲ್ಲವೇ ಕಾರ್ಡ್ ಬದಲಾಗಿ ಹಳೆಯ ಕಾರ್ಡಿನ ಮೇಲಿದ್ದ ಒಪ್ಪಿಗೆ ಹೊಸದಕ್ಕೆ ಬಾರದೆ ಉಳಿದಿರಬಹುದು. ಅದೇ ಕಾರ್ಡಿನಿಂದ ಒಟಿಪಿ ಹಾಕಿ ಅಷ್ಟೇ ಮೊತ್ತ ಕಟ್ಟಿದಾಗ ಸಲೀಸಾಗಿ ಹೋದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಗ್ರಾಹಕ ಸೇವೆಯಲ್ಲಿ ಬ್ಯಾಲೆನ್ಸ್ ಬಗ್ಗೆ ಮಾತಾಡದೆ, ‘ನನ್ನ ಇ-ಮ್ಯಾಂಡೇಟಿನ ಗರಿಷ್ಠ ಮೊತ್ತ ಎಷ್ಟು, ಯಾವ ಕಾರ್ಡಿನ ಮೇಲಿದೆ, ಯಾವಾಗ ಮುಗಿಯುತ್ತದೆ’ ಎಂದು ಕೇಳಿ.

ಅಂದು ರಾಯದುರ್ಗಂ ತಲುಪುವಷ್ಟರಲ್ಲಿ ಒಟಿಪಿ ಹಾಕಿ 16,210 ರೂಪಾಯಿ ಕಟ್ಟಿದ್ದೆ. ಸಂಜೆ ಹಳೆಯ ಮ್ಯಾಂಡೇಟ್ ರದ್ದು ಮಾಡಿ, ಗರಿಷ್ಠ ಮೊತ್ತ 30,000 ಎಂದು ಹೊಸದನ್ನು ನೋಂದಾಯಿಸಿದೆ. ಇದಕ್ಕೆ ಬ್ಯಾಂಕ್ ಶುಲ್ಕ ಕೇಳುವಂತಿಲ್ಲ, ಕೇಳಲೂ ಇಲ್ಲ. ಮುನ್ಸೂಚನೆ ಇಮೇಲ್‌ಗೂ ಬರಲಿ ಎಂದು ಆರಿಸಿದೆ. ಅಪ್ಪನಿಗೆ ಫೋನ್ ಮಾಡಿ, ಲಿಂಕ್ ಬಂದರೆ ಒತ್ತಬೇಡಿ, ಆದರೆ ಅಳಿಸಲೂ ಬೇಡಿ, ನನಗೆ ಓದಿ ಹೇಳಿ ಎಂದೆ. ‘ಇಂಗ್ಲಿಷ್‌ನಲ್ಲಿ ಇರ್ತದಲ್ಲೋ’ ಎಂದರು.