2x ಇಟ್ಟರೆ ಪಾಠ ಸ್ಲೋ ಅಂತಾನಾ?

ಹೋದ ತಿಂಗಳು ಕಾಸ್ಟಿಂಗ್ ಸರ್ ಕ್ಲಾಸಲ್ಲಿ ಕೇಳಿದ್ರು: "ನನ್ನ ವೀಡಿಯೋನ ಯಾವ ಸ್ಪೀಡಲ್ಲಿ ನೋಡ್ತೀರಿ?" ನಾವೆಲ್ಲ ಒಟ್ಟಿಗೆ "2x ಸರ್" ಅಂದ್ವಿ. ಪಾಠ ತುಂಬಾ ನಿಧಾನ ಆಯ್ತೇನೋ ಅಂದ್ಕೊಂಡು ಅವರು ಮುಂದಿನ ವೀಡಿಯೋನ ಬೇಗ ಬೇಗ ಮುಗಿಸಿಬಿಟ್ರು. ಎಷ್ಟು ಜನಕ್ಕೆ ಅರ್ಥ ಆಗಿಲ್ಲ ಅಂತ ಇಂಟರ್ನಲ್ಸ್‌ನಲ್ಲಿ ಗೊತ್ತಾಯ್ತು. ನನ್ನ ಪ್ರಕಾರ ತಪ್ಪು ಸರ್‌ದಲ್ಲ, ನಾವು ಕೊಟ್ಟ ಉತ್ತರದ್ದು.

ಯಾಕಂದ್ರೆ ಸೆಟ್ಟಿಂಗಲ್ಲಿರೋ ಸ್ಪೀಡೇ ಬೇರೆ, ನಾವು ನಿಜವಾಗಿ ನೋಡೋ ಸ್ಪೀಡೇ ಬೇರೆ. ನಿಜವಾದ ಸ್ಪೀಡ್ ಬೇಕಾದ್ರೆ ವೀಡಿಯೋದ ಉದ್ದವನ್ನ ನೋಡೋಕೆ ಹಿಡಿದ ಸಮಯದಿಂದ ಭಾಗಿಸಿ. ಪಾಸ್ ಮಾಡಿದ್ದು, ಹಿಂದಕ್ಕೆ ಹೋಗಿದ್ದು ಎಲ್ಲಾ ಆ ಸಮಯದಲ್ಲಿ ಸೇರುತ್ತೆ.

ಪ್ರೋಸೆಸ್ ಕಾಸ್ಟಿಂಗ್‌ನ 40 ನಿಮಿಷದ ವೀಡಿಯೋ ಹಾಕ್ಕೊಂಡು ನಾನು ಗಡಿಯಾರ ನೋಡ್ತಾ ಕೂತೆ. ಹಿಡಿದದ್ದು 38 ನಿಮಿಷ. ಅಂದ್ರೆ ಹೆಚ್ಚುಕಮ್ಮಿ 1x. ಇಷ್ಟೇ ನೋಡಿದ್ರೆ ಪಾಠ ಸರಿಯಾಗೇ ಇದೆ ಅನ್ಸುತ್ತೆ. ಆದ್ರೆ ಬಿಡಿಸಿ ನೋಡಿ: ಡೆಫಿನಿಷನ್ ಇದ್ದ ಮೊದಲ 10 ನಿಮಿಷ 5ರಲ್ಲಿ ಮುಗೀತು. ಫಾರ್ಮ್ಯಾಟ್ ಗೆರೆ ಎಳೆದು ತುಂಬಿದ ಕೊನೆಯ 18 ನಿಮಿಷ 9ರಲ್ಲಿ ಮುಗೀತು. ಮಧ್ಯದ 12 ನಿಮಿಷಕ್ಕೆ ಮಾತ್ರ 24 ನಿಮಿಷ ಬೇಕಾಯ್ತು, ಅಂದ್ರೆ 0.5x. ಸೆಟ್ಟಿಂಗ್ ಆಗಲೂ 2x ಅಂತಾನೇ ತೋರಿಸ್ತಿತ್ತು!

ಅಲ್ಲಿದ್ದ ಲೆಕ್ಕ ಇದು. 1,000 ಕೆಜಿ ಹಾಕಿದ್ದು, ಖರ್ಚು ₹18,500. ನಾರ್ಮಲ್ ಲಾಸ್ 10%, ಅದರ ಸ್ಕ್ರ್ಯಾಪ್ ಕೆಜಿಗೆ ₹5. ಬಂದ ಮಾಲು 870 ಕೆಜಿ. ಸ್ಕ್ರ್ಯಾಪಿನ ₹500 ಕಳೆದು ಉಳಿದ ₹18,000ನ್ನ ಸರ್ 900ರಿಂದ ಭಾಗಿಸಿ "ಕೆಜಿಗೆ ₹20, ಅಬ್‌ನಾರ್ಮಲ್ ಲಾಸ್ 30 ಕೆಜಿಗೆ ₹600" ಅಂತ ಮುಂದೆ ಹೋದ್ರು. ಕೈಯಲ್ಲಿರೋದು 870, ಭಾಗಿಸಿದ್ದು 900ರಿಂದ ಯಾಕೆ? ನಾನು ನಾಲ್ಕು ಸಲ ಹಿಂದಕ್ಕೆ ಹೋದದ್ದು ಅಲ್ಲೇ. ಕಾರಣ ಸಿಂಪಲ್: 100 ಕೆಜಿ ಹೋಗೇ ಹೋಗುತ್ತೆ ಅಂತ ಮೊದಲೇ ಗೊತ್ತು, ಅದರ ಖರ್ಚನ್ನ ಒಳ್ಳೆ ಮಾಲೇ ಹೊರಬೇಕು. ಉಳಿದ 30 ಕೆಜಿ ಹೋಗಬಾರದಿತ್ತು. 870ರಿಂದ ಭಾಗಿಸಿದ್ರೆ ಆ ನಷ್ಟವೂ ಒಳ್ಳೆ ಮಾಲಿನ ತಲೆ ಮೇಲೆ ಬೀಳುತ್ತೆ. ಈ ಎರಡು ಮಾತು ವೀಡಿಯೋದಲ್ಲಿ ಇರಲಿಲ್ಲ.

ಹಾಗಾಗಿ ಒಂದೇ ಪಾಠ ಸ್ಲೋನೂ ಹೌದು, ಟೈಟೂ ಹೌದು. ಬೇಗ ಮಾತಾಡೋದು ಪರಿಹಾರ ಅಲ್ಲ. ಫಾರ್ಮ್ಯಾಟಿನ ಸಮಯ ಕಡಿಮೆ ಮಾಡಿ 900ಕ್ಕೆ ಕೊಡಬೇಕು.

ಒಂದು ಎಚ್ಚರ: ಪಾಸ್ ಮಾಡಿದ್ದೆಲ್ಲ ಗೊಂದಲ ಅಲ್ಲ. ಆ 24ರಲ್ಲಿ 6 ನಿಮಿಷ ನಾನು ಲೆಕ್ಕ ಬರ್ಕೊಳ್ತಿದ್ದೆ. ಕೇಳಿದ್ದನ್ನೇ ಮತ್ತೆ ಕೇಳೋಕೆ ಹಿಂದಕ್ಕೆ ಹೋಗ್ತೀವಲ್ಲ, ಅದು ನಿಜವಾದ ಗುರುತು. ಪರೀಕ್ಷೆ ಹಿಂದಿನ ರಾತ್ರಿಯ 2x ಅಂತೂ ಲೆಕ್ಕಕ್ಕೇ ಬೇಡ, ಅದು ಪಾಠದ ಬಗ್ಗೆ ಅಲ್ಲ, ನಮ್ಮ ಭಯದ ಬಗ್ಗೆ ಹೇಳುತ್ತೆ.

ಇನ್ನೊಮ್ಮೆ ಸರ್ ಕೇಳಿದ್ರೆ "2x" ಅನ್ಬೇಡಿ. "14ನೇ ನಿಮಿಷದಲ್ಲಿ ನಾಲ್ಕು ಸಲ ಹಿಂದಕ್ಕೆ ಹೋದೆ ಸರ್" ಅನ್ನಿ. ನೀವು ಹಿಂದಕ್ಕೆ ಹೋದ ನಿಮಿಷ ಯಾವುದು? ಕಾಮೆಂಟಲ್ಲಿ ಹಾಕಿ, ಒಟ್ಟು ಮಾಡಿ ಸರ್‌ಗೆ ಕೊಡೋಣ.