ಕಲ್ಮನೆಯ ನಾಲ್ಕು ಗೋಡೆಗಳು

ಉಡುಪಿ, ಮಣಿಪಾಲ, ಕಾಪುಗಳ ನೆಲ ಹೆಚ್ಚಾಗಿ ಮುರಕಲ್ಲು. ಕಾರ್ಕಳವನ್ನು ಸೇರುತ್ತಲೇ ಶಿಲೆಕಲ್ಲಿನ ಬೋಳುಬಂಡೆಗಳು ತಲೆಯೆತ್ತುತ್ತವೆ. ಆ ಬಂಡೆಯೊಂದರ ಮೇಲೆ 1432ರಲ್ಲಿ ನಿಂತ ಗೊಮ್ಮಟನನ್ನು ನಾವೆಲ್ಲರೂ ನೋಡಿದ್ದೇವೆ. ಅವನನ್ನು ನಿಲ್ಲಿಸಿದ ಅರಸನ ಹೆಸರನ್ನೂ ಬಲ್ಲೆವು. ಆದರೆ ಅದಕ್ಕಿಂತ ಎರಡು ಸಾವಿರ ವರ್ಷ ಮೊದಲೇ ಈ ಸೀಮೆಯಲ್ಲಿ ಕಲ್ಲನ್ನು ಎತ್ತಿ ನಿಲ್ಲಿಸಿದವರಿದ್ದರೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಕಾರ್ಕಳದ ನೆರೆಯ ಮೂಡುಬಿದಿರೆಯಿಂದ ಶಿರ್ತಾಡಿಗೆ ಹೋಗುವ ದಾರಿಯಲ್ಲಿ ಮೂಡುಕೊಣಾಜೆಯೆಂಬ ಊರಿದೆ. ಅಲ್ಲಿಯ ಕಲ್ಲುಗುಡ್ಡದ ಇಳಿಜಾರಿನಲ್ಲಿ ಒಂಬತ್ತು ಕಲ್ಮನೆಗಳಿರುವುದನ್ನು 1980ರ ದಶಕದಲ್ಲಿ ಪುಂಡಿಕಾಯಿ ಗಣಪಯ್ಯ ಭಟ್ಟರು ಬೆಳಕಿಗೆ ತಂದರು. ಅವುಗಳಲ್ಲಿ ಇಡಿಯಾಗಿ ಉಳಿದಿರುವುವು ಎರಡೇ. ಇಂಥ ಕಟ್ಟಡಗಳನ್ನು ಜನರು ಪಾಂಡವರ ಮನೆಯೆನ್ನುತ್ತಾರೆ, ಕುಳ್ಳರಾದ ಮೋರಿಯರು ವಾಸವಾಗಿದ್ದ ಮನೆಯೆಂದೂ ಹೇಳುತ್ತಾರೆ. ವಾಸ್ತವವಾಗಿ ಇವು ಕಬ್ಬಿಣವನ್ನು ಬಳಸತೊಡಗಿದ್ದ ಜನರು ತಮ್ಮ ಸತ್ತವರಿಗಾಗಿ ಕಟ್ಟಿದ ಗೋರಿಗಳು.

ಇವುಗಳ ಕಟ್ಟೋಣವನ್ನು ಸ್ವಲ್ಪ ನಿಂತು ನೋಡಬೇಕು. ನಾಲ್ಕು ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಿ ಚೌಕಾಕಾರದ ಕೋಣೆ ಮಾಡಿದ್ದಾರೆ. ಪ್ರತಿಯೊಂದು ಚಪ್ಪಡಿಯ ಒಂದು ತುದಿ ಪಕ್ಕದ ಚಪ್ಪಡಿಯನ್ನು ದಾಟಿ ಹೊರಕ್ಕೆ ಚಾಚಿರುತ್ತದೆ. ಮೇಲಿನಿಂದ ನೋಡಿದರೆ ಸ್ವಸ್ತಿಕದಂತೆ ಕಾಣುತ್ತದೆ. ಇದು ಬರಿಯ ಅಲಂಕಾರವಲ್ಲ. ಒಂದೊಂದು ಚಪ್ಪಡಿಯೂ ಒಳಕ್ಕೆ ವಾಲದಂತೆ ನೆರೆಯ ಚಪ್ಪಡಿ ತಡೆಯುತ್ತದೆ. ಗಾರೆಯಿಲ್ಲ, ಮೊಳೆಯಿಲ್ಲ; ಒಂದಕ್ಕೊಂದು ಕೊಟ್ಟ ಆಸರೆಯೇ ಬಂಧ. ಇದರ ಮೇಲೆ ಇನ್ನೊಂದು ದೊಡ್ಡ ಚಪ್ಪಡಿಯ ಮುಚ್ಚಳ.

ಮುಚ್ಚಳವನ್ನು ಏರಿಸುವ ಸುಲಭೋಪಾಯವೆಂದರೆ ಗೋಡೆಗಳ ಒಳಗೂ ಹೊರಗೂ ಮಣ್ಣು ತುಂಬಿ, ಆ ಇಳಿಜಾರಿನ ಮೇಲೆ ಚಪ್ಪಡಿಯನ್ನು ಎಳೆದು ತಂದು, ಆಮೇಲೆ ಮಣ್ಣನ್ನು ತೆಗೆದುಬಿಡುವುದು. ಒಂದು ಲೆಕ್ಕ ಹಾಕಿ ನೋಡೋಣ. ಎಂಟಡಿ ಉದ್ದ, ಆರಡಿ ಅಗಲ, ಎಂಟಂಗುಲ ದಪ್ಪದ ಚಪ್ಪಡಿಯೆಂದರೆ 32 ಘನ ಅಡಿ. ಘನ ಅಡಿಗೆ ಸುಮಾರು 75 ಕಿಲೋವಿನಂತೆ ಅದರ ತೂಕ 2,400 ಕಿಲೋ. ನೆಲದ ಮೇಲೆ ಎಳೆಯಲು ತೂಕದ ಅರ್ಧದಷ್ಟು ಬಲ ಬೇಕು, ಒಬ್ಬನು ಬಿಡದೆ ಎಳೆಯಬಲ್ಲುದು 30 ಕಿಲೋ ಎಂದರೆ, ಸಮನೆಲದಲ್ಲಿಯೇ ನಲವತ್ತು ಜನ ಬೇಕಾಯಿತು. ಏರಿನಲ್ಲಿ ಇನ್ನೂ ಹೆಚ್ಚು. ಒಂದು ಮನೆಯವರು ಮಾಡಬಹುದಾದ ಕೆಲಸವಲ್ಲ ಇದು. ಒಂದು ಸಾವಿಗಾಗಿ ಊರೇ ಹಗ್ಗ ಹಿಡಿದಿರಬೇಕು.

ಮೂಡಣ ಚಪ್ಪಡಿಯಲ್ಲಿ ಒಂದು ದುಂಡು ಕಂಡಿಯಿರುತ್ತದೆ. ಮುಚ್ಚಿದ ಗೋರಿಗೆ ಕಂಡಿಯೇಕೆ? ಇದಕ್ಕೆ ಉತ್ತರ ದೊರೆಯುವುದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ. 1947ರಲ್ಲಿ ಅಲ್ಲಿ ವೀಲರರು ಅಗೆಸಿದ ಇಂಥದೇ ಕಲ್ಲುಕೋಣೆಗಳಲ್ಲಿ ಇಡೀ ಅಸ್ಥಿಪಂಜರವಿರಲಿಲ್ಲ. ಹಲವರ ಬಿಡಿ ಎಲುಬುಗಳು ಒಟ್ಟಿಗೆ ಇದ್ದುವು, ಜೊತೆಗೆ ಕಪ್ಪು-ಕೆಂಪು ಬಣ್ಣದ ಮಡಕೆಗಳೂ ಕಬ್ಬಿಣದ ಆಯುಧಗಳೂ ಇದ್ದುವು. ಎಂದರೆ ದೇಹವನ್ನು ಬೇರೆಡೆ ಕಳೆದು, ಉಳಿದ ಎಲುಬನ್ನು ಆಯ್ದು ತಂದು ಇಲ್ಲಿ ಇಡುತ್ತಿದ್ದರು. ಆದ್ದರಿಂದ ಈ ಕಂಡಿ ಮುಂದೆ ಬರುವವರಿಗಾಗಿ ಬಿಟ್ಟ ಬಾಗಿಲೆಂದು ನಾನು ತಿಳಿಯುತ್ತೇನೆ. ಜನರು ಅದನ್ನು ಮನೆಯೆಂದು ಕರೆದುದು ಅಷ್ಟು ತಪ್ಪೇನೂ ಅಲ್ಲ!

ಇನ್ನು ನನ್ನ ದೂರು. ಹಳೆಯ ಕಲ್ಲಿನ ಕೆಳಗೆಲ್ಲ ನಿಧಿಯಿದೆಯೆಂಬ ಹುಚ್ಚು ನಮ್ಮವರನ್ನು ಬಿಟ್ಟಿಲ್ಲ. ನಿಧಿಗಳ್ಳನು ಒಂದು ಚಪ್ಪಡಿಯನ್ನು ಕಿತ್ತರೆ ಸಾಕು, ಅದನ್ನು ಆತುಕೊಂಡಿದ್ದ ಮಗ್ಗುಲಿನದು ವಾಲುತ್ತದೆ, ಮುಚ್ಚಳ ಕುಸಿಯುತ್ತದೆ. ಅವನಿಗೆ ಸಿಗುವುದು ಎಲುಬು, ಮಡಕೆಯ ಚೂರು. ನಮಗೆ ಆಗುವ ನಷ್ಟವಾದರೋ ದೊಡ್ಡದು. 2023ರಲ್ಲಿ ಮೂಡುಕೊಣಾಜೆಯ ಕದಡಿಹೋದ ಗೋರಿಗಳಲ್ಲಿ ಶಿರ್ವ ಕಾಲೇಜಿನ ಪ್ರಾಧ್ಯಾಪಕ ಟಿ. ಮುರುಗೇಶಿಯವರಿಗೆ ಸುಟ್ಟ ಮಣ್ಣಿನ ಗೂಳಿ, ನವಿಲು, ಕುದುರೆ, ಮಾತೃದೇವತೆಯ ಗೊಂಬೆಗಳು ದೊರೆತುವು. ಅವರು ಅವುಗಳ ಕಾಲವನ್ನು ಕ್ರಿ.ಪೂ. 800-700 ಎಂದು ಅಂದಾಜು ಮಾಡಿದ್ದಾರೆ. ಬೆಲೆಕಟ್ಟಲಾರದ ವಸ್ತುಗಳಿವು. ಆದರೆ ಗೊಂಬೆ ಯಾವ ಮಣ್ಣಿನ ಪದರದಲ್ಲಿ, ಯಾವ ಎಲುಬಿನ ಪಕ್ಕದಲ್ಲಿ, ಯಾವ ದಿಕ್ಕಿಗೆ ಮುಖಮಾಡಿ ಇತ್ತೆಂಬುದು ತಿಳಿದಿದ್ದರೆ ಅದು ದೇವರೋ, ಹರಕೆಯೋ, ಮಗುವಿನ ಆಟಿಕೆಯೋ ಎಂದು ಕೇಳಬಹುದಿತ್ತು. ಕದಡಿದ ಮಣ್ಣು ಆ ಪ್ರಶ್ನೆಗೆ ಉತ್ತರ ಕೊಡಲಾರದು.

ಆದುದರಿಂದ ಸಹಪಾಠಿಗಳಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಊರಿನ ಗುಡ್ಡದಲ್ಲಿ ಇಂಥ ಕಲ್ಲು ಕಂಡರೆ, ಚಪ್ಪಡಿಗಳು ಬಿದ್ದಿದ್ದರೂ ಸರಿಯೆ, ಅದನ್ನು ಎತ್ತಿ ನಿಲ್ಲಿಸುವ ಉತ್ಸಾಹವೂ ಬೇಡ, ಕೆಳಗೆ ಕೆದಕುವ ಕುತೂಹಲವೂ ಬೇಡ. ಅಳತೆ ಬರೆದುಕೊಂಡು, ಚಿತ್ರ ತೆಗೆದುಕೊಂಡು ಇತಿಹಾಸದ ಅಧ್ಯಾಪಕರಿಗೆ ತಿಳಿಸಿರಿ. ನಲವತ್ತು ಜನ ಕೂಡಿ ಏರಿಸಿದ ಕಲ್ಲನ್ನು ಕೆಡಹಲು ಒಬ್ಬನ ಹಾರೆ ಸಾಕು. ಅದನ್ನು ಕಾಯುವುದಕ್ಕಾದರೋ ಮತ್ತೆ ಊರೇ ಬೇಕು.