ಕೆಲಸ ಬಿಟ್ಟು ಹೋದವನ ವಿಷಯದಲ್ಲಿ ನಮ್ಮ ಉತ್ತರ



ಕಳೆದ ತಿಂಗಳು ನಮ್ಮ ಸಂಘದ ಹೆಸರಿಗೆ ಒಂದು ಪತ್ರ ಬಂತು. ಗೂಡಲೂರು ಕಡೆಯ ಒಂದು ಟೀ ಫ್ಯಾಕ್ಟರಿಯವರು ಸ್ಟೋರಿಗೆ ಆಳು ಹುಡುಕುತ್ತಿದ್ದರು. ನಮ್ಮ ಸಂಘದ ದಿನಸಿ ಅಂಗಡಿಯಲ್ಲಿ ಹಿಂದೆ ಕೆಲಸ ಮಾಡಿ ಬಿಟ್ಟ ಒಬ್ಬ ಹುಡುಗ ಅಲ್ಲಿಗೆ ಅರ್ಜಿ ಹಾಕಿ, ನಮ್ಮನ್ನು ಕೇಳಬಹುದೆಂದು ಬರೆದಿದ್ದ. ಅವರ ಪ್ರಶ್ನೆ ನಾಲ್ಕು: ಎಷ್ಟು ಕಾಲ ಇದ್ದ, ಕೆಲಸ ಹೇಗೆ ಮಾಡುತ್ತಿದ್ದ, ನಂಬಬಹುದೇ, ಮತ್ತೆ ಬಂದರೆ ನೀವು ಸೇರಿಸಿಕೊಳ್ಳುವಿರಾ.

ಲೈನು ಮನೆಗಳಲ್ಲಿರುವ ನಮಗೆ ಹೀಗೆ ಕೇಳಿಸಿಕೊಂಡೇ ಅಭ್ಯಾಸ, ಉತ್ತರ ಕೊಟ್ಟು ಅಭ್ಯಾಸವಿಲ್ಲ. ನಮ್ಮ ವಿಷಯ ದೊರೆಗಳು, ರೈಟರುಗಳು, ಮೇಸ್ತ್ರಿಗಳು ಏನು ಬರೆದರೋ ನಮಗೆ ತಿಳಿದದ್ದೇ ಇಲ್ಲ. ಈ ಸಾರಿ ಲೇಖನಿ ನಮ್ಮ ಕೈಗೆ ಬಂದಿತ್ತು. ಸಮಿತಿ ಕೂತದ್ದು ಒಂದು ಗಂಟೆಗೆಂದು, ಎದ್ದದ್ದು ರಾತ್ರಿ ಒಂಬತ್ತಕ್ಕೆ.

ಮೊದಲು ಒಬ್ಬ ಹಿರಿಯರು ಹೇಳಿದರು: "ನಮ್ಮ ಹುಡುಗ, ತಂದೆ ಇಲ್ಲದವನು. ಚಿನ್ನದಂಥವನು ಅಂತ ಬರೆದು ಕಳಿಸಿ, ಒಂದು ಕುಟುಂಬ ಬದುಕಲಿ." ಇನ್ನೊಬ್ಬರು ಒಪ್ಪಲಿಲ್ಲ. "ಅಂಗಡಿಯಲ್ಲಿ ಹಣ ಕಡಿಮೆ ಬಂದದ್ದು ಮರೆತಿರಾ? ಹೊತ್ತಿಗೆ ಸರಿಯಾಗಿ ಬರುತ್ತಲೂ ಇರಲಿಲ್ಲ. ಉಳಿದವರು ಮೋಸ ಹೋಗಬೇಕೇ?" ಮೂರನೆಯವರಿಗೆ ಕೋರ್ಟಿನ ಭಯ. ಏನು ಬರೆದರೂ ಮಾನನಷ್ಟವೆಂದು ಕೇಸು ಹಾಕಿದರೆ ಯಾರು ಗತಿ, ಸುಮ್ಮನೆ ಇದ್ದುಬಿಡೋಣ ಎಂದರು.

ಸುಮ್ಮನಿರುವುದೂ ಒಂದು ಉತ್ತರವೇ ಎಂಬುದನ್ನು ಅವರು ಯೋಚಿಸಿರಲಿಲ್ಲ. ಕೇಳಿದ ಪತ್ರಕ್ಕೆ ಉತ್ತರ ಬಾರದಿದ್ದರೆ ಫ್ಯಾಕ್ಟರಿಯವರು ಕೆಟ್ಟದ್ದನ್ನೇ ಊಹಿಸುತ್ತಾರೆ. ಕಾನೂನಿನ ಮಾತೂ ಅವರು ಹೆದರಿದಷ್ಟು ಕಠಿಣವಲ್ಲ. ಹಿಂದೆ ಇಂಡಿಯನ್ ಪೀನಲ್ ಕೋಡಿನ 499ನೆಯ ಕಲಮಿನಲ್ಲಿದ್ದು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಾಗಿರುವ ಮಾನಹಾನಿಯ ನಿಯಮದಲ್ಲೇ ಒಂದು ವಿನಾಯಿತಿ ಇದೆ: ತನ್ನ ಅಥವಾ ಇನ್ನೊಬ್ಬರ ಹಿತ ಕಾಯುವುದಕ್ಕಾಗಿ ಸದ್ಭಾವನೆಯಿಂದ ಹೇಳಿದ ಮಾತು ಅಪರಾಧವಲ್ಲ. ಆದರೆ ಸದ್ಭಾವನೆ ಎಂದರೆ ಮನಸ್ಸಿನಲ್ಲಿ ದ್ವೇಷವಿಲ್ಲದಿದ್ದರೆ ಸಾಲದು. ತಕ್ಕ ಎಚ್ಚರ, ತಕ್ಕ ಗಮನ ಇಲ್ಲದೆ ಮಾಡಿದ್ದನ್ನು ಕಾನೂನು ಸದ್ಭಾವನೆ ಎಂದು ಒಪ್ಪುವುದಿಲ್ಲ. ನಮ್ಮ ಮಟ್ಟಿಗೆ ಆ ಎಚ್ಚರವೆಂದರೆ ಕಪಾಟಿನ ಬೀಗ ತೆಗೆದು ಪುಸ್ತಕ ನೋಡುವುದು.

ಹಾಗೆಯೇ ಮಾಡಿದೆವು. ಹಾಜರಿ ಪುಸ್ತಕ ಮೊದಲು. ಹುಡುಗ ಸೇರಿದ್ದು 2019ರ ಜೂನ್ 1, ಬಿಟ್ಟದ್ದು 2022ರ ಮಾರ್ಚ್ 31. ಮೂವತ್ತನಾಲ್ಕು ತಿಂಗಳು. "ಯಾವಾಗಲೂ ತಡ" ಎಂದಿದ್ದರಲ್ಲ, ಪುಸ್ತಕದಲ್ಲಿ ತಡವೆಂದು ಗುರುತಾದ ದಿನಗಳು ಏಳು. ಅದರಲ್ಲಿ ಐದು 2019ರ ಆಗಸ್ಟಿನ ಎರಡನೆಯ ವಾರದಲ್ಲೇ ಇವೆ. ಆ ಮಳೆ ನೀಲಗಿರಿಯಲ್ಲಿ ಯಾರಿಗೆ ಮರೆತೀತು? ರಸ್ತೆ ಕುಸಿದು ಬಸ್ಸು ನಿಂತು, ಹುಡುಗ ನಡೆದು ಬಂದಿದ್ದ. ಹೇಳಿದವರು ಸುಳ್ಳುಗಾರರಲ್ಲ. ಆ ವಾರ ಬಾಗಿಲ ಮುಂದೆ ನೆನೆಯುತ್ತ ಕಾದವರು ಅವರೇ. ಆ ವಾರವೇ ಅವರ ನೆನಪಿನಲ್ಲಿ ಮೂರು ವರ್ಷವಾಗಿ ಬೆಳೆದಿತ್ತು. ಪುಸ್ತಕ ತೆಗೆಯದೆ ಬರೆದಿದ್ದರೆ ಅದೇ ಮಾತು ಫ್ಯಾಕ್ಟರಿಗೆ ಹೋಗುತ್ತಿತ್ತು.

ಆಮೇಲೆ ಸರಕಿನ ಪುಸ್ತಕ. ಆರು ತಿಂಗಳಿಗೊಮ್ಮೆ ಅಂಗಡಿಯ ಸರಕು ಎಣಿಸುವುದು ನಮ್ಮ ಪದ್ಧತಿ. ಆತನ ಕಾಲದಲ್ಲಿ ಐದು ಎಣಿಕೆ, ಕೆಲಸ ಬಿಡುವಾಗ ಒಪ್ಪಿಸಿಕೊಂಡದ್ದು ಸೇರಿ ಆರು. ಐದರಲ್ಲಿ ಲೆಕ್ಕ ಸರಿ. 2021ರ ಡಿಸೆಂಬರಿನಲ್ಲಿ ಮಾತ್ರ 2,160 ರೂಪಾಯಿ ಕಡಿಮೆ. ಉದ್ರಿ ಚೀಟಿಗಳನ್ನು ಹುಡುಕಿದಾಗ 1,300 ರೂಪಾಯಿಯ ಚೀಟಿಗಳು ಡಬ್ಬದಲ್ಲೇ ಸಿಕ್ಕಿದವು, ಪುಸ್ತಕಕ್ಕೆ ಏರಿಸಿರಲಿಲ್ಲ. ಉಳಿದ 860 ಎಲ್ಲಿ ಹೋಯಿತೆಂದು ಗೊತ್ತಾಗಲಿಲ್ಲ. ಅಂಗಡಿಗೆ ಎರಡು ಬೀಗದ ಕೈ. ಒಂದು ಆತನ ಹತ್ತಿರ, ಇನ್ನೊಂದು ಸಮಿತಿಯವರ ಹತ್ತಿರ. ವಿಚಾರಣೆ ನಡೆಯಲಿಲ್ಲ. ಆ 860ನ್ನು ಆತ ಎರಡು ಕಂತಿನಲ್ಲಿ ತಾನಾಗಿ ತಂದು ಕಟ್ಟಿದ.

ಇಲ್ಲಿ ಸಮಿತಿ ಬಹಳ ಹೊತ್ತು ನಿಂತಿತು. ಕಟ್ಟಿದ ಎಂದರೆ ತೆಗೆದುಕೊಂಡಿದ್ದ ಎಂದು ಅರ್ಥವೇ? ನಾವು ಹಾಗೆ ಹೇಳಲಾರೆವು. ಹೆಸರು ಉಳಿದರೆ ಸಾಕೆಂದು ತನ್ನದಲ್ಲದ ನಷ್ಟ ಕಟ್ಟಿದವರು ನಮ್ಮ ಲೈನುಗಳಲ್ಲಿ ಎಷ್ಟೋ ಮಂದಿ. ಹಾಗಾದರೆ ಈ ಸಂಗತಿಯನ್ನೇ ಬಿಟ್ಟುಬಿಡಬಹುದೇ? ಆತ ಎಲೆ ಕೀಳುವ ಕೆಲಸಕ್ಕೋ ಗಿಡ ಕವಾತು ಮಾಡುವ ಕೆಲಸಕ್ಕೋ ಹೋಗುತ್ತಿದ್ದರೆ ಬಿಡುತ್ತಿದ್ದೆವು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಆತ ಹೋಗುತ್ತಿರುವುದು ಸ್ಟೋರಿಗೆ. ಅಲ್ಲಿ ಮಾಡಬೇಕಾದ್ದೂ ಸರಕು ಎಣಿಸಿ ಬರೆಯುವುದೇ. ಮುಚ್ಚಿಟ್ಟರೆ ಕೇಳಿದವರಿಗೆ ಸುಳ್ಳು ಹೇಳಿದಂತೆ. ಕಡಿಮೆ ಬಂದದ್ದೊಂದನ್ನೇ ಬರೆದು ಸರಿಬಂದ ಐದು ಎಣಿಕೆ ಬಿಟ್ಟರೆ ಹುಡುಗನಿಗೆ ಸುಳ್ಳು ಹೇಳಿದಂತೆ.

ಸಿಲೋನಿನಿಂದ ಬಂದ ಕುಟುಂಬಗಳ ಅಜ್ಜಂದಿರು 'ತುಂಡು' ಎಂಬ ಚೀಟಿಯ ಮಾತು ಆಡುತ್ತಿದ್ದರು. ಈ ಆಳಿನ ಸಾಲ ಇಷ್ಟು, ಕಟ್ಟಿದರೆ ಬಿಟ್ಟುಕೊಡುತ್ತೇವೆ ಎಂದು ಒಂದು ತೋಟ ಇನ್ನೊಂದಕ್ಕೆ ಕೊಡುತ್ತಿದ್ದ ಚೀಟಿ ಅದು. 1921ರಲ್ಲಿ ಕಾನೂನು ಮಾಡಿ ಅದನ್ನು ರದ್ದುಮಾಡಿದರು. ಆಳಿನ ದುಡಿಮೆಯ ಮಾತೇ ಇಲ್ಲದೆ ಸಾಲವೊಂದನ್ನೇ ಹೊತ್ತು ಹೋಗುವ ಕಾಗದ ನಮ್ಮ ಕೈಯಿಂದ ಹೋಗಬಾರದೆಂದು ನಮಗೆ ತೋರಿತು.

ಕೊನೆಗೆ ಬರೆದದ್ದು ಇಷ್ಟು. ಸೇರಿದ ದಿನ, ಬಿಟ್ಟ ದಿನ, ತಾನಾಗಿ ರಾಜೀನಾಮೆ ಕೊಟ್ಟದ್ದು. ಮಾಡಿದ ಕೆಲಸ: ಸರಕು ಒಪ್ಪಿಸಿಕೊಳ್ಳುವುದು, ತೂಗಿ ಕೊಡುವುದು, ರೋಕಡಿ ಮತ್ತು ಉದ್ರಿ ಪುಸ್ತಕ ಬರೆಯುವುದು. ತಡವಾದ ದಿನ ಏಳು, ಐದು ಮಳೆಯ ವಾರದವು. ಎಣಿಕೆ ಆರು, ಐದು ಸರಿ. ಒಂದರಲ್ಲಿ 2,160 ಕಡಿಮೆ, ಅದರಲ್ಲಿ 1,300ಕ್ಕೆ ಚೀಟಿ ಸಿಕ್ಕಿತು, 860ಕ್ಕೆ ಕಾರಣ ತಿಳಿಯಲಿಲ್ಲ, ಬೀಗದ ಕೈ ಇಬ್ಬರ ಹತ್ತಿರ ಇತ್ತು, ವಿಚಾರಣೆ ನಡೆದಿಲ್ಲ, ಹಣ ಪೂರ್ತಿ ಸಂದಿದೆ. ನಂಬಬಹುದೇ, ಮತ್ತೆ ಸೇರಿಸಿಕೊಳ್ಳುವಿರಾ ಎಂಬ ಎರಡಕ್ಕೆ: "ಇವು ಅಭಿಪ್ರಾಯದ ಪ್ರಶ್ನೆಗಳು, ಯಾರ ವಿಷಯದಲ್ಲೂ ಸಂಘ ಇವಕ್ಕೆ ಉತ್ತರಿಸುವುದಿಲ್ಲ, ಇದನ್ನು ಪರವಾಗಿಯಾಗಲಿ ವಿರೋಧವಾಗಿಯಾಗಲಿ ಎಣಿಸಬಾರದು." ಈ ಕೊನೆಯ ಸಾಲು ಇಲ್ಲದಿದ್ದರೆ ಖಾಲಿ ಬಿಟ್ಟ ಜಾಗವೇ ದೂರು ಹೇಳುತ್ತಿತ್ತು. ಚಿನ್ನದಂಥವನು ಎಂದು ಬರೆಯಲಿಲ್ಲ. ಹಿರಿಯರಿಗೆ ಸ್ವಲ್ಪ ಬೇಸರವಾಯಿತು.

ಕಳಿಸುವ ಮುಂಚೆ ಹುಡುಗನನ್ನು ಕರೆದು ಓದಿಸಿದೆವು. ತಿದ್ದುವ ಹಕ್ಕು ನಿನಗಿಲ್ಲ, ಲೆಕ್ಕ ತಪ್ಪಿದ್ದರೆ ಹೇಳು ಎಂದೆವು. ಆತ ಎರಡು ಸಾರಿ ಓದಿ, "ಅಣ್ಣಾ, ಎರಡನೇ ಕಂತು ಫೆಬ್ರವರಿಯಲ್ಲಿ ಅಂತ ಬರೆದಿದ್ದೀರಿ. ನಾನು ಕಟ್ಟಿದ್ದು ಮಾರ್ಚಿನಲ್ಲಿ" ಎಂದ. ತನಗೆ ನಷ್ಟವಾಗುವ ತಿದ್ದುಪಡಿಯೇ ಅದು. ರಸೀದಿ ಪುಸ್ತಕ ತೆಗೆದು ನೋಡಿದರೆ ಆತ ಹೇಳಿದ್ದೇ ಸರಿ. ಆ ಪುಟವನ್ನು ಹರಿದು ಮತ್ತೆ ಬರೆದೆವು. ಒಂದು ಪ್ರತಿ ಆತನ ಕೈಗೆ, ಒಂದು ನಮ್ಮ ಫೈಲಿಗೆ, ಒಂದು ಅಂಚೆಗೆ.

ಹತ್ತು ದಿನದ ಮೇಲೆ ಫ್ಯಾಕ್ಟರಿಯವರು ಫೋನು ಮಾಡಿ ಬೀಗದ ಕೈಯ ವಿಷಯ ಒಂದೇ ಒಂದು ಕೇಳಿದರು. ಪತ್ರದಲ್ಲಿ ಇದ್ದದ್ದನ್ನೇ ಮತ್ತೆ ಹೇಳಿದೆವು. ಈ ತಿಂಗಳ ಒಂದನೆಯ ತಾರೀಖು ಹುಡುಗ ಅಲ್ಲಿ ಕೆಲಸಕ್ಕೆ ಸೇರಿದ್ದಾನೆ. ಮೊದಲ ಆರು ತಿಂಗಳು, ತಿಂಗಳಿಗೊಮ್ಮೆ ಸ್ಟೋರಿನ ಎಣಿಕೆ ಮಾಡುತ್ತಾರಂತೆ.